ಎರಡು ವರ್ಷ ಅಂದರೆ ಯಾವ ಎರಡು ವರ್ಷ?

ಮಾನ್ಯ ಸಂಪಾದಕರೇ,

ಭಾನುವಾರ ನಮ್ಮೂರಲ್ಲಿ ನಡೆದ ವಿದೇಶಿ ಶಿಕ್ಷಣ ಮೇಳದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಅರ್ಧ ಪುಟ ಬಂದಿದೆ. ದೀಪ ಹಚ್ಚಿದವರ ಹೆಸರೆಲ್ಲ ಇದೆ, ಸಂತೋಷ. ಅದರಲ್ಲಿ ಯಾರೋ ತಜ್ಞರು, ವಿದೇಶದಲ್ಲಿ ಓದಲು ಬರೆಯುವ ಇಂಗ್ಲಿಷ್ ಪರೀಕ್ಷೆಯ ಬಗ್ಗೆ, 'ಐಇಎಲ್‌ಟಿಎಸ್ ಅಂಕ ಎರಡು ವರ್ಷ ನಡೆಯುತ್ತದೆ, ಪೋಷಕರು ಆತಂಕ ಪಡಬೇಕಾಗಿಲ್ಲ' ಎಂದು ಹೇಳಿದ್ದಾರೆ. ನೀವೂ ಹಾಗೆಯೇ ಅಚ್ಚು ಹಾಕಿದ್ದೀರಿ. ಎಲ್ಲಿಂದ ಎಲ್ಲಿಗೆ ಎರಡು ವರ್ಷ ಎಂದು ಅವರನ್ನು ಒಬ್ಬರೂ ಕೇಳಲಿಲ್ಲವಾ? ಅದೇ ಬೆಳಿಗ್ಗೆ ನನ್ನ ಮಗಳಿಗೆ ಅಮೆರಿಕದ ವಿಶ್ವವಿದ್ಯಾಲಯದಿಂದ ಮೇಲ್ ಬಂದಿತ್ತು, ನಿಮ್ಮ ಇಂಗ್ಲಿಷ್ ಅವಧಿ ಮುಗಿದಿದೆ ಅಂತ. ಹಾಗಾಗಿ ಕಾಫಿ ಆರುವುದರೊಳಗೆ ಈ ಪತ್ರ ಬರೆಯಲು ಕೂತಿದ್ದೇನೆ.

ಲೆಕ್ಕ ಹೇಳುತ್ತೇನೆ, ಇದೇ ದಾರಿಯಲ್ಲಿರುವವರಿಗೆ ಉಪಯೋಗವಾದರೂ ಆಗಲಿ. ಅವಳು ಪರೀಕ್ಷೆ ಬರೆದದ್ದು 2023ರ ಸೆಪ್ಟೆಂಬರ್ ಮಧ್ಯದಲ್ಲಿ. ಎರಡು ವರ್ಷ ಎಣಿಸುವುದು ಬರೆದ ದಿನದಿಂದ, ಫಲಿತಾಂಶ ಬಂದ ದಿನದಿಂದ ಅಲ್ಲ. ಅಂದರೆ 2025ರ ಸೆಪ್ಟೆಂಬರ್ ಮಧ್ಯಕ್ಕೆ ಮುಗಿಯಿತು. 2024ರ ಡಿಸೆಂಬರಿನಲ್ಲಿ ಅರ್ಜಿ ಹಾಕಿದಾಗ ಅಂಕ ಜೀವಂತ. 2025ರ ಮಾರ್ಚಿನಲ್ಲಿ ಸೀಟು ಕೊಟ್ಟಾಗಲೂ ಜೀವಂತ. ಆಗಸ್ಟಿನಲ್ಲಿ ಕ್ಲಾಸು ಶುರುವಾಗುವ ದಿನಕ್ಕೂ ಇನ್ನೊಂದು ತಿಂಗಳು ಉಳಿದಿತ್ತು. ಇಲ್ಲಿಯ ತನಕ ಎಲ್ಲ ಸರಿ.

ಆಮೇಲೆ ಆದದ್ದು ನಿಮ್ಮದೇ ಪತ್ರಿಕೆಯಲ್ಲಿ ಬಂದ ಸುದ್ದಿ. 2025ರ ಮೇ 27ಕ್ಕೆ ಅಮೆರಿಕ ಸರ್ಕಾರ ವಿದ್ಯಾರ್ಥಿ ವೀಸಾಗೆ ಹೊಸ ಸಂದರ್ಶನದ ದಿನಾಂಕ ಕೊಡುವುದನ್ನೇ ನಿಲ್ಲಿಸಿತು. ಜೂನ್ 18ಕ್ಕೆ ಮತ್ತೆ ಶುರು ಮಾಡಿತು, ಜೊತೆಗೆ ಸಾಮಾಜಿಕ ಜಾಲತಾಣದ ಖಾತೆಗಳನ್ನೆಲ್ಲ ಸಾರ್ವಜನಿಕವಾಗಿ ತೆರೆದಿಡಿ ಎಂಬ ಅಪ್ಪಣೆ ಬೇರೆ. ಅಷ್ಟರಲ್ಲಿ ಸಂದರ್ಶನದ ಸ್ಲಾಟಿಗಾಗಿ ರಾತ್ರಿಯೆಲ್ಲ ಲ್ಯಾಪ್‌ಟಾಪ್ ಮುಂದೆ ಕೂತಿದ್ದ ಮಕ್ಕಳೆಷ್ಟೋ. ಬೆಂಗಳೂರಿನಲ್ಲಿ ಆ ವರ್ಷದ ಜನವರಿಯಲ್ಲೇ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆ ಆಗಿತ್ತು, ರಿಬ್ಬನ್ ಫೋಟೋ ನಾವೂ ನೋಡಿದ್ದೇವೆ. ವೀಸಾ ಸಂದರ್ಶನಕ್ಕೆ ಮಾತ್ರ ಚೆನ್ನೈಗೋ ಹೈದರಾಬಾದಿಗೋ ಹೋಗಬೇಕಿತ್ತು. ದಾವಣಗೆರೆಯಿಂದ ಚೆನ್ನೈ ಎಷ್ಟು ದೂರ ಎಂದು ರಿಬ್ಬನ್ ಕತ್ತರಿಸಿದವರಿಗೆ ಗೊತ್ತಿದೆಯೋ ಇಲ್ಲವೋ. ಅಂತೂ ಆಗಸ್ಟಿಗೆ ಹೋಗಲು ಆಗಲಿಲ್ಲ. ವಿಶ್ವವಿದ್ಯಾಲಯದವರೇ ಸೀಟನ್ನು 2026ರ ಜನವರಿಗೆ ಮುಂದೂಡಿಕೊಳ್ಳಿ ಎಂದರು. ನಾವೂ ಪುಣ್ಯಾತ್ಮರು ಅಂದುಕೊಂಡೆವು.

ಈಗ ಹೇಳುತ್ತಾರೆ, ಮುಂದೂಡಿದ್ದು ಅಂದರೆ ಹೊಸ ಅವಧಿ, ಹೊಸ ಅರ್ಜಿ ನಂಬರು, ಆದ್ದರಿಂದ ಭಾಷಾ ಅಂಕ ತರಗತಿಯ ಮೊದಲ ದಿನಕ್ಕೆ ಚಾಲ್ತಿಯಲ್ಲಿರಬೇಕು. ಜನವರಿ ಹೊತ್ತಿಗೆ ಅದು ಸತ್ತು ನಾಲ್ಕು ತಿಂಗಳು. ಸೀಟು ಕೊಟ್ಟವರೂ ಇವರೇ, ಮುಂದೂಡಿ ಎಂದವರೂ ಇವರೇ. ಅಂಕಪಟ್ಟಿ ನೋಡಿ ಸರಿ ಎಂದು ಒಪ್ಪಿಕೊಂಡವರೂ ಇವರೇ. ವೀಸಾ ಕೊಡದೆ ನಿಲ್ಲಿಸಿದ್ದು ಅವರ ದೇಶ. ತಪ್ಪು ಮಾತ್ರ ನಮ್ಮ ಹುಡುಗಿಯ ಇಂಗ್ಲಿಷಿನದು, ಅಲ್ವಾ?

ಮೇಳದ ತಜ್ಞರಿಗೆ ಗೊತ್ತಿಲ್ಲದ್ದು ಇದೇ. ಬಹುತೇಕ ವಿಶ್ವವಿದ್ಯಾಲಯಗಳು ಎರಡು ವರ್ಷ ಎಂದೇ ಬರೆದಿರುತ್ತವೆ. ಆದರೆ ಯಾವ ದಿನಕ್ಕೆ ಎಂಬುದು ಒಂದೊಂದು ಕಡೆ ಒಂದೊಂದು ಥರ. ಕೆಲವರಿಗೆ ನೀವು ಅರ್ಜಿ ಹಾಕಿದ ದಿನಕ್ಕೆ ಅಂಕ ಚಾಲ್ತಿಯಲ್ಲಿದ್ದರೆ ಸಾಕು. ಕೆಲವರಿಗೆ ಅರ್ಜಿಯ ಕೊನೆಯ ದಿನಾಂಕಕ್ಕೆ ಇರಬೇಕು. ಇನ್ನು ಕೆಲವರಿಗೆ ಕ್ಲಾಸು ಶುರುವಾಗುವ ದಿನಕ್ಕೆ. ಒಂದೇ ಅಂಕಪಟ್ಟಿ ಒಂದು ಕಡೆ ನಡೆಯುತ್ತದೆ, ಇನ್ನೊಂದು ಕಡೆ ಕಸ. ಸೀಟು ಮುಂದೂಡಿದರೆ ಹಳೆ ಅಂಕವೇ ಸಾಕಾ ಅಥವಾ ಹೊಸದು ಬೇಕಾ ಎಂಬುದನ್ನು ಬಹಳ ಕಡೆ ಎಲ್ಲೋ ಮೂಲೆಯಲ್ಲಿ ಒಂದು ಸಾಲಿನಲ್ಲಿ ಬರೆದಿರುತ್ತಾರೆ, ಕೆಲವು ಕಡೆ ಅದೂ ಇರುವುದಿಲ್ಲ, ಮೇಲ್ ಹಾಕಿ ಕೇಳಬೇಕು.

ಇನ್ನು ಅಂಕ ಕಳಿಸುವ ನಿಯಮ ನೋಡಿ. ಅಂಕಪಟ್ಟಿಯನ್ನು ನಾವು ಸ್ಕ್ಯಾನ್ ಮಾಡಿ ಕಳಿಸಿದರೆ ಆಗುವುದಿಲ್ಲ, ಪರೀಕ್ಷೆ ನಡೆಸಿದವರಿಂದಲೇ ನೇರ ಬರಬೇಕು ಎಂದು ವಿಶ್ವವಿದ್ಯಾಲಯದವರು. ನಕಲಿ ಮಾಡುವವರು ಇದ್ದಾರೆ, ಒಪ್ಪೋಣ. ಆದರೆ ಪರೀಕ್ಷೆ ನಡೆಸುವವರ ನಿಯಮ ಏನು? ಎರಡು ವರ್ಷ ದಾಟಿದ ಮೇಲೆ ಅವರು ಯಾರಿಗೂ ಕಳಿಸುವುದಿಲ್ಲ. ಮಗಳು ಮೊದಲು ವಿಶ್ವವಿದ್ಯಾಲಯಕ್ಕೆ ಫೋನ್ ಮಾಡಿದಳು. 'ಅವರು ಕಳಿಸಿದರೆ ಪರಿಶೀಲಿಸುತ್ತೇವೆ' ಎಂದರು. ಆಮೇಲೆ ಪರೀಕ್ಷೆ ನಡೆಸುವವರಿಗೆ ಮಾಡಿದಳು. 'ಅವರು ಒಪ್ಪಿದರೂ ನಾವು ಕಳಿಸುವ ಹಾಗಿಲ್ಲ' ಎಂದರು. ಎರಡೂ ಕಡೆಯವರು ಬಹಳ ಮರ್ಯಾದೆಯಿಂದ ಮಾತಾಡಿದರು, ಅದನ್ನು ಹೇಳಲೇಬೇಕು. ಟೋಫೆಲ್ ಎಂಬ ಇನ್ನೊಂದು ಇಂಗ್ಲಿಷ್ ಪರೀಕ್ಷೆ ಬರೆದಿದ್ದರೆ ಬಚಾವಾಗುತ್ತಿದ್ದಳು ಎಂದು ಯಾರಾದರೂ ಅಂದುಕೊಂಡರೆ ಅದೂ ಇಲ್ಲ, ಅಲ್ಲೂ ಎರಡು ವರ್ಷದ ಮೇಲೆ ಅಂಕ ಕಳಿಸುವುದಿಲ್ಲ. ಅಲ್ಲಿ ಇನ್ನೊಂದು ತಮಾಷೆ. ನಾಲ್ಕು ವಿಶ್ವವಿದ್ಯಾಲಯಗಳಿಗೆ ಪುಕ್ಕಟೆ ಕಳಿಸುತ್ತಾರೆ, ಆದರೆ ಆ ಹೆಸರುಗಳನ್ನು ಪರೀಕ್ಷೆಗೆ ಮುಂಚೆಯೇ ಕೊಡಬೇಕು. ಎಷ್ಟು ಅಂಕ ಬರುತ್ತದೆ ಎಂದು ಗೊತ್ತಾಗುವ ಮುಂಚೆ ಎಲ್ಲಿ ಸೇರಬೇಕು ಎಂದು ಹೇಳಬೇಕು. ಆಮೇಲೆ ಕಳಿಸಿದರೆ ಒಂದೊಂದಕ್ಕೂ ಡಾಲರ್ ಲೆಕ್ಕ.

ಮಗಳ ಕೈಗೆ ಕೊಟ್ಟಿದ್ದ ಐಇಎಲ್‌ಟಿಎಸ್ ಮೂಲ ಹಾಳೆಯ ಕಥೆ ಬೇರೆ. ಅದು ಒಂದೇ ಒಂದು. ಕಳೆದರೆ ಇನ್ನೊಂದು ಕೊಡುವುದಿಲ್ಲ. ಆ ಒಂದನ್ನು ನಮ್ಮ ಕನ್ಸಲ್ಟೆನ್ಸಿಯವರು 'ಫೈಲಿಗೆ ಬೇಕು' ಎಂದು ಇಟ್ಟುಕೊಂಡರು. ಈಗ ಆ ಫೈಲೂ ಇಲ್ಲ, ಫೈಲು ನೋಡಿಕೊಳ್ಳುತ್ತಿದ್ದ ಹುಡುಗನೂ ಇಲ್ಲ. ಕೇಳಲು ಹೋದರೆ ಕೂರಿಸಿ ನೀರು ಕೊಟ್ಟರು. ಹಣಕ್ಕೆ ರಸೀದಿ ಕೇಳಿದಾಗ ಅದೂ ಕೊಟ್ಟಿರಲಿಲ್ಲ, 'ನಂಬಿಕೆ ಸಾರ್' ಎಂದಿದ್ದರು.

ಎರಡು ವರ್ಷಕ್ಕೆ ಕಾರಣವೇನೆಂದರೆ, ಬಳಸದಿದ್ದರೆ ಭಾಷೆ ಮಾಸಿಹೋಗಬಹುದಂತೆ. ಇರಲಿ. ನನ್ನ ಮಗಳು ಈ ಎರಡು ವರ್ಷ ಬೆಂಗಳೂರಿನ ಕಂಪನಿಯಲ್ಲಿ ಕೂತು ರಾತ್ರಿ ಹನ್ನೊಂದರ ತನಕ ಅಮೆರಿಕದವರ ಜೊತೆಗೇ ಫೋನಿನಲ್ಲಿ ಮಾತಾಡಿದ್ದಾಳೆ. ಅವರಿಗೆ ಇವಳ ಇಂಗ್ಲಿಷ್ ಅರ್ಥವಾಯಿತು, ಸಂಬಳವೂ ಕೊಟ್ಟರು. ಅವರ ದೇಶದ ವಿಶ್ವವಿದ್ಯಾಲಯಕ್ಕೆ ಮಾತ್ರ ಅನುಮಾನ. ಇನ್ನೂ ಸ್ವಾರಸ್ಯ ಏನೆಂದರೆ, ಎರಡು ವರ್ಷ ಎನ್ನುವುದು ಐಇಎಲ್‌ಟಿಎಸ್ ನಡೆಸುವವರ ಶಿಫಾರಸು, ಕಲ್ಲಿನ ಮೇಲಿನ ಬರಹ ಅಲ್ಲ. ಹಳೆಯ ಅಂಕವಾದರೆ, ಆ ವ್ಯಕ್ತಿ ಭಾಷೆಯನ್ನು ಉಳಿಸಿಕೊಂಡಿದ್ದಕ್ಕೆ ಅಥವಾ ಬೆಳೆಸಿಕೊಳ್ಳಲು ಯತ್ನಿಸಿದ್ದಕ್ಕೆ ಪುರಾವೆ ಜೊತೆಗಿದ್ದರೆ ಒಪ್ಪಬಹುದು ಎಂದು ಅವರೇ ಹೇಳಿದ್ದಾರೆ. ನಾವು ಕಂಪನಿಯಿಂದ ಪತ್ರ ಮಾಡಿಸಿ ಕಳಿಸಿದೆವು. ಉತ್ತರ ಒಂದೇ ಸಾಲು, 'ನಮ್ಮ ನೀತಿಯಲ್ಲಿ ಅವಕಾಶವಿಲ್ಲ'. ಬಾಗಿಲು ಇದೆ ಎಂದು ಒಬ್ಬರು ಬರೆದಿಡುತ್ತಾರೆ, ಬೀಗ ಹಾಕುವುದು ಇನ್ನೊಬ್ಬರು.

ಕೇಂಬ್ರಿಡ್ಜ್‌ನವರು ಐಇಎಲ್‌ಟಿಎಸ್‌ನಲ್ಲಿ ಪಾಲುದಾರರು. ಅವರದೇ ಸಿ1 ಅಡ್ವಾನ್ಸ್ಡ್ ಎಂಬ ಇನ್ನೊಂದು ಪರೀಕ್ಷೆ ಇದೆ. ಅದರ ಪ್ರಮಾಣಪತ್ರಕ್ಕೆ ಅವಧಿಯೇ ಇಲ್ಲ. ಪಕ್ಕದ ಮನೆಯ ಹುಡುಗ ಜರ್ಮನ್ ಕಲಿತು ಗೋಥೆ ಸಂಸ್ಥೆಯ ಪ್ರಮಾಣಪತ್ರ ತಂದಿದ್ದಾನೆ, ಅದರ ಮೇಲೂ ಮುಗಿಯುವ ದಿನಾಂಕ ಇಲ್ಲ. ಸೇರಿಸಿಕೊಳ್ಳುವವರು ಇತ್ತೀಚಿನದು ಬೇಕು ಎಂದು ಕೇಳಬಹುದು, ಅದು ಬೇರೆ ಮಾತು. ಹಾಗಾದರೆ ಮಾಸಿಹೋಗುವುದು ಯಾವ ಇಂಗ್ಲಿಷ್, ಗಟ್ಟಿಯಾಗಿ ನಿಲ್ಲುವುದು ಯಾವ ಇಂಗ್ಲಿಷ್ ಎಂದು ಬಲ್ಲವರು ತಿಳಿಸಲಿ.

ಈಗ ಮತ್ತೆ ಪರೀಕ್ಷೆ. ₹17,000ಕ್ಕೂ ಜಾಸ್ತಿ ಶುಲ್ಕ. ಕಂಪ್ಯೂಟರಿನಲ್ಲಿ ಬರೆದರೆ ಕೆಲವೇ ದಿನದಲ್ಲಿ ಫಲಿತಾಂಶ ಬರುತ್ತದೆ, ನಿಜ. ಆದರೆ ಅದು ವಿಶ್ವವಿದ್ಯಾಲಯ ಮುಟ್ಟಿ, ಅವರು ವೀಸಾಗೆ ಬೇಕಾದ ಐ-20 ಪತ್ರ ಕೊಟ್ಟು, ಆಮೇಲೆ ವೀಸಾ ಸ್ಲಾಟು ಹುಡುಕಿ, ಚೆನ್ನೈಗೆ ಹೋಗಿ ಬರಬೇಕು. ಇವಳು ರಜೆ ಕೇಳಿದರೆ ಮ್ಯಾನೇಜರ್ ಮುಖ ಊದಿಸುತ್ತಾನೆ. ಬ್ಯಾಂಕಿನವರು ಸಾಲ ಮಂಜೂರಾತಿ ಪತ್ರವೂ ಹಳೆಯದಾಯಿತು, ಹೊಸದು ಮಾಡಿಸಿ ಎನ್ನುತ್ತಿದ್ದಾರೆ. ಹದಡಿ ರಸ್ತೆ ದಾಟಿ ಬ್ಯಾಂಕಿಗೆ ಹೋಗುವುದೇ ಒಂದು ಸಾಹಸ. ಆ ರಸ್ತೆಯ ಬಗ್ಗೆ ಇದೇ ಅಂಕಣದಲ್ಲಿ ಹಿಂದೆ ಬರೆದಿದ್ದೆ, ಗುಂಡಿ ಹಾಗೆಯೇ ಇದೆ.

ಅವಧಿ ಮುಗಿಸುವುದರಲ್ಲಿ ನಮ್ಮ ಕಚೇರಿಗಳೇನೂ ಕಡಿಮೆ ಇಲ್ಲ. ನಾನು ನಿವೃತ್ತ. ಪ್ರತಿ ವರ್ಷ ನವೆಂಬರಿನಲ್ಲಿ ಹೋಗಿ ಬದುಕಿದ್ದೇನೆ ಎಂದು ಬರೆದುಕೊಡುತ್ತೇನೆ. ಎದುರಿಗೆ ನಿಂತು ಮಾತಾಡುತ್ತಿದ್ದರೂ ಬೆರಳಚ್ಚು ಕೂಡದಿದ್ದರೆ 'ನಾಳೆ ಬನ್ನಿ' ಎನ್ನುತ್ತಾರೆ. ಮಗಳ ಪದವಿಯ ಟ್ರಾನ್ಸ್‌ಕ್ರಿಪ್ಟ್ ತರಲು ಹೋದಾಗ ವಿಶ್ವವಿದ್ಯಾಲಯದ ಗುಮಾಸ್ತರು ಲಕೋಟೆಗೆ ಸೀಲ್ ಹಾಕುವವರು ರಜೆಯಲ್ಲಿದ್ದಾರೆ ಎಂದಿದ್ದರು. ಲಕೋಟೆ ಅಂಟಿಸುವುದಕ್ಕೂ ಪ್ರತ್ಯೇಕ ಅಧಿಕಾರಿ! ಆಕೆಯ ಹೆಸರಿನ ಮುಂದಿನ ಇನಿಷಿಯಲ್ ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆಯಬೇಕು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬಿಡಿಸಿಲ್ಲ ಎಂದು ಪಾಲಿಕೆಯಲ್ಲಿ ಪಟ್ಟ ಪಾಡು ಹೇಳಹೊರಟರೆ ನೀವು ಪತ್ರವನ್ನೇ ಕತ್ತರಿಸುತ್ತೀರಿ.

ಆದ್ದರಿಂದ ಸಂಬಂಧಪಟ್ಟವರು ಕೂಡಲೇ ಗಮನ ಹರಿಸಬೇಕು. ಸಂಬಂಧಪಟ್ಟವರು ಯಾರು ಎಂದು ನನಗೆ ಗೊತ್ತಾಗಿಲ್ಲ. ವಿದೇಶಾಂಗ ಇಲಾಖೆ ಆ ದೇಶದವರಿಗೆ ಬರೆಯಲಿ, ವೀಸಾ ತಡವಾಗಿ ಸೀಟು ಮುಂದೂಡಿದವರಿಗೆ ಒಮ್ಮೆ ಒಪ್ಪಿದ ಅಂಕವನ್ನೇ ಇಟ್ಟುಕೊಳ್ಳಿ ಎಂದು. ಅದು ಆಗದಿದ್ದರೆ ಪರೀಕ್ಷೆ ನಡೆಸುವವರಾದರೂ ಅವಧಿ ಮುಗಿದ ಅಂಕವನ್ನು 'ಹಳೆಯದು' ಎಂದು ಮುದ್ರೆ ಒತ್ತಿಯಾದರೂ ಕಳಿಸಲಿ, ಒಪ್ಪುವುದು ಬಿಡುವುದು ವಿಶ್ವವಿದ್ಯಾಲಯದವರಿಗೆ ಬಿಟ್ಟದ್ದು. ಜಿಲ್ಲಾಡಳಿತವೂ ಸುಮ್ನೆ ಮೇಳಕ್ಕೆ ಸಭಾಂಗಣ ಕೊಡುವ ಮುಂಚೆ ಇವರೆಲ್ಲ ಯಾರು, ಏನು ಓದಿಕೊಂಡಿದ್ದಾರೆ ಎಂದು ವಿಚಾರಿಸಲಿ. ಇದ್ಯಾವುದೂ ಆಗದಿದ್ದರೆ ಕಡೇ ಪಕ್ಷ ಕನ್ಸಲ್ಟೆನ್ಸಿಯವರು ಹಣ ತೆಗೆದುಕೊಂಡಾಗ ಒಂದು ರಸೀದಿ ಬರೆದುಕೊಡುವುದನ್ನಾದರೂ ಕಲಿಯಲಿ.

– ಒಬ್ಬ ಪೋಷಕ, ವಿದ್ಯಾನಗರ, ದಾವಣಗೆರೆ