ಗೌಪ್ಯತಾ ನೀತಿಯ ಅನುವಾದ: ಇನ್ನು ಮುಂದೆ ಹೊಣೆಪಟ್ಟಿಯೊಂದಿಗೆ

ಮಾನ್ಯ ಗ್ರಾಹಕರೇ,

ಜಾಲತಾಣಗಳ ಗೌಪ್ಯತಾ ನೀತಿ ಮತ್ತು ಬಳಕೆಯ ನಿಯಮಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ನಮ್ಮ ವಿಧಾನ ಬದಲಾಗುತ್ತಿದೆ. ಇದುವರೆಗೆ ಒಬ್ಬರು ಅನುವಾದಿಸುತ್ತಿದ್ದರು, ಇನ್ನೊಬ್ಬರು ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ತಿದ್ದುತ್ತಿದ್ದರು. ಇನ್ನು ಮುಂದೆ ಅನುವಾದದ ಜೊತೆಗೆ, ಪ್ರತಿ ಕಲಮಿನಲ್ಲಿ ಯಾರ ಹೊಣೆ, ಹಕ್ಕು, ನಿಷೇಧ ಏನೆಂದು ತೋರಿಸುವ ‘ಹೊಣೆಪಟ್ಟಿ’ ಎಂಬ ಕೋಷ್ಟಕವೂ ನಿಮ್ಮ ಕೈಸೇರುತ್ತದೆ. ಇದರಿಂದ ಪ್ರತಿ ಕೆಲಸಕ್ಕೂ ಎರಡು ದಿನ ಹೆಚ್ಚು ಹಿಡಿಯುತ್ತದೆ. ಕೆಲಸ ಶುರುವಾಗುವ ಮೊದಲೇ ನಮ್ಮಿಂದ ನಿಮಗೊಂದಿಷ್ಟು ಪ್ರಶ್ನೆಗಳೂ ಬರುತ್ತವೆ.

ಹಳೆಯ ವಿಧಾನದಲ್ಲಿದ್ದ ದೋಷ ಇದು. ಮೂಲವನ್ನು ಓದಿದವರ ತಲೆಯಲ್ಲಿ ಸರಿಯಾದ ಅರ್ಥ ಆಗಲೇ ಕೂತಿರುತ್ತದೆ. ಕನ್ನಡ ವಾಕ್ಯಕ್ಕೆ ಎರಡು ಅರ್ಥವಿದ್ದರೂ ಅವರಿಗೆ ಒಂದೇ ಕಾಣುತ್ತದೆ. ಕನ್ನಡವನ್ನಷ್ಟೇ ಓದಿ ‘ಒಪ್ಪುತ್ತೇನೆ’ ಒತ್ತುವವರಿಗೆ ಆ ಅನುಕೂಲವಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 5 ಮತ್ತು 6ನೇ ಕಲಮುಗಳ ಪ್ರಕಾರ, ಸೂಚನೆಯನ್ನೂ ಸಮ್ಮತಿಯ ಕೋರಿಕೆಯನ್ನೂ ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ 8ನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಬಳಕೆದಾರರಿಗೆ ಇರಬೇಕು. ಕನ್ನಡ ಆ ಅನುಸೂಚಿಯಲ್ಲಿದೆ. ಹಾಗಾಗಿ ಕನ್ನಡವನ್ನು ಆರಿಸಿಕೊಂಡ ಬಳಕೆದಾರರು ಸಮ್ಮತಿ ಕೊಡುವುದು ಕನ್ನಡ ಪಠ್ಯವನ್ನು ನಂಬಿಯೇ.

ಹೆಚ್ಚಿನ ತಪ್ಪುಗಳು ಆಗುವುದು ದೊಡ್ಡ ಪಾರಿಭಾಷಿಕ ಪದಗಳಲ್ಲಲ್ಲ, ಕ್ರಿಯಾಪದದ ಬಾಲದಲ್ಲಿ. ಇಂಗ್ಲಿಷಿನ ‘ಮೇ’ ಬಂದ ಕಡೆಯಲ್ಲೆಲ್ಲ ‘ಬಹುದು’ ಹಾಕುವುದು ರೂಢಿ. ‘ನಿಮ್ಮ ಮಾಹಿತಿಯನ್ನು ಪಾಲುದಾರರೊಂದಿಗೆ ಹಂಚಿಕೊಳ್ಳಬಹುದು’ ಎಂದು ಓದಿದವರು ‘ಹಂಚಿದರೂ ಹಂಚಬಹುದು, ಖಚಿತವಿಲ್ಲ’ ಎಂದುಕೊಳ್ಳುತ್ತಾರೆ. ಮೂಲದಲ್ಲಿ ಕಂಪನಿ ಅಲ್ಲಿ ಒಂದು ಹಕ್ಕನ್ನು ತನಗಾಗಿ ಕಾಯ್ದಿರಿಸಿಕೊಂಡಿರುತ್ತದೆ. ಅಂಥ ಕಡೆ ‘ಹಂಚಿಕೊಳ್ಳುವ ಹಕ್ಕು ನಮಗಿದೆ’ ಎಂದು ಬಿಡಿಸಿ ಬರೆಯುತ್ತೇವೆ. ಬಳಕೆದಾರರಿಗೆ ಕೊಟ್ಟ ಅನುಮತಿಗೆ ಮಾತ್ರ ‘ನೀವು ...ಬಹುದು’ ಉಳಿಯುತ್ತದೆ. ಬರೀ ಸಾಧ್ಯತೆಯಾದರೆ ಸಾಮಾನ್ಯವಾಗಿ ‘ಸಂಭವವಿದೆ’ ಎನ್ನುತ್ತೇವೆ.

‘ಮೇ ನಾಟ್’ ಇನ್ನೂ ಅಪಾಯಕಾರಿ. ‘ಖಾತೆಯನ್ನು ಬೇರೆಯವರಿಗೆ ವರ್ಗಾಯಿಸದಿರಬಹುದು’ ಎಂದರೆ ವರ್ಗಾಯಿಸುವುದೂ ಬಿಡುವುದೂ ನಿಮ್ಮಿಷ್ಟ ಎಂದಾಗುತ್ತದೆ, ನಿಷೇಧವೇ ಮಾಯವಾಗುತ್ತದೆ. ಇಲ್ಲಿ ಬೇಕಾದದ್ದು ‘ವರ್ಗಾಯಿಸುವಂತಿಲ್ಲ’. ಆದರೆ ‘ಸೇವೆ ಕೆಲವೊಮ್ಮೆ ಸಿಗದಿರಬಹುದು’ ಎಂಬಲ್ಲಿ ಇರುವುದು ನಿಷೇಧವಲ್ಲ, ಸಾಧ್ಯತೆ; ಅಲ್ಲಿ ಅದೇ ‘ದಿರಬಹುದು’ ಸರಿಯಾಗಿ ಕೂರುತ್ತದೆ. ಕಂಪ್ಯೂಟರಿನಲ್ಲಿ ಒಂದು ಪದವನ್ನು ಹುಡುಕಿ ಎಲ್ಲ ಕಡೆ ಒಂದೇ ಬದಲಿ ಹಾಕುವ ಕೆಲಸ ಇದಲ್ಲ.

‘ಶಲ್’ ಎಂಬುದಕ್ಕೆ ಕಚೇರಿ ಕನ್ನಡದಲ್ಲಿ ಸಿದ್ಧ ಉತ್ತರವಿದೆ: ‘...ಲಾಗುವುದು’, ಉದಾಹರಣೆಗೆ ‘ಮಾಹಿತಿಯನ್ನು ಅಳಿಸಲಾಗುವುದು’. ಕೇಳಲು ಗಂಭೀರವಾಗಿದೆ, ಆದರೆ ಅಳಿಸುವವರು ಯಾರೆಂಬುದೇ ಅದರಲ್ಲಿಲ್ಲ. ‘ಅಳಿಸತಕ್ಕದ್ದು’ ಎಂಬ ಕೋರ್ಟಿನ ಶೈಲಿ ಕರಾರುವಾಕ್ಕಾಗಿದ್ದರೂ ಸಾಮಾನ್ಯ ಓದುಗರು ಅದರಲ್ಲಿ ಎಡವುತ್ತಾರೆ. ಬರೀ ‘ಅಳಿಸುತ್ತೇವೆ’ ಎಂದರೆ ವಾಡಿಕೆಯ ವಿವರಣೆಯೂ ಆಗುತ್ತದೆ, ವಾಗ್ದಾನವೂ ಆಗುತ್ತದೆ. ಹಾಗಾಗಿ ಕಂಪನಿಯ ಕಡ್ಡಾಯ ಕರ್ತವ್ಯಕ್ಕೆ ‘ಅಳಿಸುವುದು ನಮ್ಮ ಹೊಣೆ’ ಎಂಬ ರೂಪವನ್ನು ಗೊತ್ತುಮಾಡಿಕೊಂಡಿದ್ದೇವೆ. ‘ನೀವು ತಾಣಕ್ಕೆ ಬಂದಾಗ ಐಪಿ ವಿಳಾಸ ದಾಖಲಿಸುತ್ತೇವೆ’ ಎಂಬಂಥ ವಿವರಣೆಗಳಿಗೆ ‘ಉತ್ತೇವೆ’ ಸಾಕು.

ಒಂದು ಕಲಮನ್ನೇ ನೋಡಿ. ಖಾತೆ ಮುಚ್ಚಲು ಕೋರಿದ ಮೇಲೆ ಏನಾಗುತ್ತದೆ ಎಂಬುದಕ್ಕೆ ಸಾಮಾನ್ಯವಾಗಿ ಕಾಣಸಿಗುವ ಅನುವಾದ ಹೀಗಿರುತ್ತದೆ:

‘ಕಾನೂನಿನ ಅಗತ್ಯವನ್ನು ಹೊರತುಪಡಿಸಿ, ಬಳಕೆದಾರರ ಕೋರಿಕೆಯ ಮೇರೆಗೆ ವೈಯಕ್ತಿಕ ಮಾಹಿತಿಯನ್ನು 30 ದಿನಗಳಲ್ಲಿ ಅಳಿಸಲಾಗುವುದು ಮತ್ತು ಗುರುತು ತೆಗೆದ ಬಳಕೆಯ ಮಾಹಿತಿಯನ್ನು ಉಳಿಸಿಕೊಳ್ಳಬಹುದು.’

ವ್ಯಾಕರಣ ಸರಿಯಾಗಿದೆ. ಆದರೆ 30 ದಿನ ಎಣಿಸುವುದು ಕೋರಿಕೆ ಕಳಿಸಿದ ದಿನದಿಂದಲೋ, ಕಂಪನಿಗೆ ತಲುಪಿದ ದಿನದಿಂದಲೋ? ಮೂಲದಲ್ಲಿ ‘ತಲುಪಿದ’ ಎಂದಿತ್ತು, ಇಲ್ಲಿ ಬಿದ್ದುಹೋಗಿದೆ. ಇಂಗ್ಲಿಷಿನಲ್ಲಿ ಅಳಿಸುವ ಮಾತಿಗಷ್ಟೇ ಅಂಟಿಕೊಂಡಿದ್ದ ಕಾನೂನಿನ ವಿನಾಯಿತಿ ಕನ್ನಡದಲ್ಲಿ ವಾಕ್ಯದ ತಲೆಗೆ ಬಂದು, ಎರಡು ಕ್ರಿಯೆಗಳ ಮೇಲೂ ನೆರಳು ಹಾಯಿಸಿದೆ. ಕೊನೆಯಲ್ಲಿ ‘ಉಳಿಸಿಕೊಳ್ಳಬಹುದು’ ಎಂದಿರುವುದು ಯಾರಿಗೆ? ಕರ್ತೃ ಇಲ್ಲದ್ದರಿಂದ ಬಳಕೆದಾರರೇ ಉಳಿಸಿಕೊಳ್ಳಬಹುದು ಎಂದೂ ಓದಬಹುದು. ನಾವು ಇದನ್ನು ಹೀಗೆ ಒಡೆದು ಬರೆಯುತ್ತೇವೆ:

‘ಖಾತೆ ಮುಚ್ಚುವಂತೆ ನೀವು ಕಳಿಸಿದ ಕೋರಿಕೆ ನಮಗೆ ತಲುಪಿದ ದಿನದಿಂದ 30 ದಿನಗಳೊಳಗೆ ನಿಮ್ಮ ವೈಯಕ್ತಿಕ ಮಾಹಿತಿಯನ್ನು ಅಳಿಸುವುದು ನಮ್ಮ ಹೊಣೆ. ಅದರಲ್ಲಿ ಯಾವ ಮಾಹಿತಿಯನ್ನು ಇಟ್ಟುಕೊಳ್ಳಬೇಕೆಂದು ಕಾನೂನು ಹೇಳುತ್ತದೋ ಅದಕ್ಕೆ ಮಾತ್ರ ಈ ಹೊಣೆ ಅನ್ವಯಿಸುವುದಿಲ್ಲ. ನಿಮ್ಮ ಗುರುತು ತೆಗೆದ ಬಳಕೆಯ ಮಾಹಿತಿಯನ್ನು ಉಳಿಸಿಕೊಳ್ಳುವ ಹಕ್ಕು ನಮಗಿದೆ.’

ಒಂದು ವಾಕ್ಯ ಮೂರಾಯಿತು. ಉದ್ದವಾಯಿತೆಂದು ದಯವಿಟ್ಟು ಮತ್ತೆ ಒಂದಾಗಿ ಹೊಲಿಯಬೇಡಿ. ಪುಟದಲ್ಲಿ ಜಾಗ ಸಾಲದೆಂದು ವಿನ್ಯಾಸಕಾರರು ಮೊದಲು ಕತ್ತರಿಸುವುದು ಆ ನಡುವಿನ ವಾಕ್ಯವನ್ನೇ.

ಈಗ ಹೊಣೆಪಟ್ಟಿಯ ವಿಷಯ. ಅನುವಾದಕ್ಕೆ ಕೂರುವ ಮೊದಲು ಇಂಗ್ಲಿಷ್ ಮೂಲದ ಪ್ರತಿ ಕಲಮಿನಿಂದ ಐದು ಸಂಗತಿ ಹೆಕ್ಕುತ್ತೇವೆ: ಯಾರು, ಏನು ಮಾಡುವುದು, ಅದು ಕಡ್ಡಾಯವೋ ಹಕ್ಕೋ ನಿಷೇಧವೋ, ಯಾವಾಗಿನಿಂದ ಎಷ್ಟು ಅವಧಿ, ಯಾವ ವಿನಾಯಿತಿ. ಮೇಲಿನ ಕಲಮಿಗೆ ಎರಡು ಸಾಲು ಬರುತ್ತವೆ, ಅಳಿಸುವ ಹೊಣೆಗೊಂದು, ಉಳಿಸಿಕೊಳ್ಳುವ ಹಕ್ಕಿಗೊಂದು. ಅನುವಾದ ಮುಗಿದ ಮೇಲೆ, ಇಂಗ್ಲಿಷ್ ಮೂಲವನ್ನು ನೋಡಿಯೇ ಇರದ ಇನ್ನೊಬ್ಬರು ಕನ್ನಡದಿಂದಲೇ ಇಂಥದೊಂದು ಪಟ್ಟಿ ತಯಾರಿಸುತ್ತಾರೆ. ಎರಡೂ ಪಟ್ಟಿಗಳನ್ನು ಸಾಲು ಸಾಲಾಗಿ ಹೋಲಿಸುತ್ತೇವೆ. ಎರಡನೆಯವರು ಕೋಷ್ಟಕದ ಒಂದು ಮನೆಯನ್ನು ಖಾಲಿ ಬಿಟ್ಟಿದ್ದರೆ ಅಥವಾ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರೆ ತಿದ್ದಬೇಕಾದದ್ದು ಕನ್ನಡ ವಾಕ್ಯವನ್ನು, ಅವರ ಓದನ್ನಲ್ಲ.

‘ಎಲ್ಲ ಮಾಹಿತಿಯನ್ನೂ ಹಂಚುವುದಿಲ್ಲ’ ಎಂಬಂಥ ವಾಕ್ಯಗಳು ಸಿಕ್ಕಿಬೀಳುವುದು ಇಲ್ಲೇ. ಒಬ್ಬರು ಅದನ್ನು ‘ಏನನ್ನೂ ಹಂಚುವುದಿಲ್ಲ’ ಎಂದು ಓದುತ್ತಾರೆ, ಇನ್ನೊಬ್ಬರು ‘ಕೆಲವನ್ನು ಹಂಚುತ್ತೇವೆ’ ಎಂದು. ‘ಯಾವ ಮಾಹಿತಿಯನ್ನೂ ಹಂಚುವುದಿಲ್ಲ’ ಎಂದು ಬರೆದರೆ ಅನುಮಾನ ಉಳಿಯದು.

ಪದಗಳ ಬಗ್ಗೆ ಒಂದೇ ಮಾತು. ‘ಗೌಪ್ಯತಾ ನೀತಿ’ ಎಂಬ ಶೀರ್ಷಿಕೆಯನ್ನು ಹಾಗೇ ಇಡುತ್ತೇವೆ, ಜನ ಹುಡುಕುವುದು ಅದನ್ನೇ. ಆದರೆ ‘ಗೌಪ್ಯ’ ಎಂದರೆ ಗುಟ್ಟು. ನಿಮ್ಮ ನಿಯಮಗಳಲ್ಲಿ ವ್ಯಾಪಾರದ ಗುಟ್ಟು ಕಾಯುವ ಕಲಮೂ ಇದ್ದರೆ ಎರಡು ಬೇರೆ ಹೊಣೆಗಳಿಗೆ ಒಂದೇ ಹೆಸರು ಬಂದುಬಿಡುತ್ತದೆ. ಅಂಥ ಪಠ್ಯದ ಒಳಗೆ ಪ್ರೈವೆಸಿಗೆ ‘ಖಾಸಗಿತನ’ ಎಂದೇ ಬಳಸುತ್ತೇವೆ.

ನಿಮ್ಮಿಂದ ನಮಗೆ ಬೇಕಾದದ್ದು ಇಷ್ಟು. ಮೂಲದ ಅಂತಿಮ ಆವೃತ್ತಿಯನ್ನು ದಿನಾಂಕದೊಂದಿಗೆ ಕಳಿಸಿ. ಕನ್ನಡಕ್ಕೂ ಅದೇ ಆವೃತ್ತಿ ಸಂಖ್ಯೆ ಹಾಕುತ್ತೇವೆ. ಇಂಗ್ಲಿಷಿನಲ್ಲೇ ಎರಡರ್ಥವಿರುವ ಕಲಮುಗಳ ಪ್ರಶ್ನೆಗಳಿಗೆ ನಿಮ್ಮ ವಕೀಲರಿಂದ ಉತ್ತರ ಕೊಡಿಸಿ. ಅಲ್ಲಿ ಅರ್ಥವನ್ನು ನಾವೇ ಆರಿಸಿದರೆ ಅದು ಅನುವಾದವಾಗುವುದಿಲ್ಲ, ನಿಮ್ಮ ಪರವಾಗಿ ನಿಯಮ ಬರೆದಂತಾಗುತ್ತದೆ. ಉತ್ತರ ಬರುವವರೆಗೆ ಆ ಕಲಮನ್ನು ಮುಟ್ಟುವುದಿಲ್ಲ. ಗುಂಡಿಗಳ ಮೇಲಿನ ಬರಹವನ್ನೂ ಕಳಿಸಿ. ‘ಸರಿ’, ‘ಓದಿದ್ದೇನೆ’, ‘ಸಮ್ಮತಿಸುತ್ತೇನೆ’ ಇವು ಮೂರೂ ಬೇರೆ ಬೇರೆ ಮಾತು.

‘ವ್ಯತ್ಯಾಸ ಕಂಡರೆ ಇಂಗ್ಲಿಷ್ ಪಠ್ಯವೇ ಅಂತಿಮ’ ಎಂಬ ಸಾಲು ಬೇಕೇ ಎಂಬುದನ್ನು ನಿಮ್ಮ ವಕೀಲರು ತೀರ್ಮಾನಿಸಲಿ. ಇಡುವುದಾದರೆ ಕನ್ನಡ ಪುಟದ ಮೊದಲಲ್ಲೇ ಇಡಿ. ಅದಿದೆ ಎಂದು ಕನ್ನಡವನ್ನು ಸಡಿಲ ಬಿಡಲು ಹೇಳುವ ಕೋರಿಕೆಗಳನ್ನು ನಾವು ಒಪ್ಪಿಕೊಳ್ಳುವುದಿಲ್ಲ.

ಈಗಾಗಲೇ ನಡೆಯುತ್ತಿರುವ ಕೆಲಸಗಳು ಹಳೆಯ ವಿಧಾನದಲ್ಲೇ ಮುಗಿಯುತ್ತವೆ. ಹಿಂದೆ ಮಾಡಿಕೊಟ್ಟ ಅನುವಾದಕ್ಕೂ ಹೊಣೆಪಟ್ಟಿ ಬೇಕಿದ್ದರೆ, ಆಗ ಬಳಸಿದ ಇಂಗ್ಲಿಷ್ ಆವೃತ್ತಿಯನ್ನೂ ಈಗ ತಾಣದಲ್ಲಿರುವ ಕನ್ನಡ ಪಠ್ಯವನ್ನೂ ಒಟ್ಟಿಗೆ ಕಳಿಸಿ.

ಇಂತಿ,
ಕಾನೂನು ಅನುವಾದ ವಿಭಾಗ