ಹುಡುಗನಿಗೆ ಬರೆದ ಕಾಗದ, ನಿನಗೆ ಬರೆದ ಪತ್ರ

ಹಾಸನ

ಗೆಳೆಯಾ,

ಫೋನ್ ಮಾಡಿದರೆ ನೀನು ಅರ್ಧಕ್ಕೇ ಬುದ್ಧಿ ಹೇಳಲು ಶುರು ಮಾಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರೂ ಓದುವ ಕಡೆ ಹಾಕುತ್ತಿರುವುದು, ಹೋಟೆಲ್ ನಡೆಸುವ ಇನ್ನೂ ನಾಲ್ಕು ಜನಕ್ಕೆ ಉಪಯೋಗವಾಗಲಿ ಎಂದು. ಹುಡುಗನ ಹೆಸರು ಹಾಕುವುದಿಲ್ಲ.

ನಮ್ಮ ಸಪ್ಲೈಯರ್ ಒಬ್ಬನಿಗೆ ಮೊನ್ನೆ ಎಚ್ಚರಿಕೆ ಪತ್ರ ಕೊಟ್ಟೆ. ಬೆಳಿಗ್ಗೆ 6:10ಕ್ಕೆ ಬರಬೇಕು, 6:30ಕ್ಕೆ ಬಾಗಿಲು ತೆಗೆಯುತ್ತೇವೆ. ಅವನು 6:40, 6:50 ಮಾಡುತ್ತಿದ್ದ. ಅಷ್ಟರಲ್ಲಿ ಅವನ ಏಳು ಟೇಬಲ್ಲಿಗೆ ನೀರಿಡುವವರಿಲ್ಲ. ದಿನಾ ಬರುವ ಹಿರಿಯರೊಬ್ಬರು ಒಂದು ದಿನ ಸುಮಾರು ಹೊತ್ತು ಕಾದು, ಪೇಪರ್ ಮಡಚಿ ಕಂಕುಳಲ್ಲಿಟ್ಟುಕೊಂಡು, ಏನೂ ಹೇಳದೆ ಎದ್ದು ಹೋದರು. ಅವರು ಬೈದಿದ್ದರೂ ನನಗೆ ಅಷ್ಟು ಬೇಜಾರಾಗುತ್ತಿರಲಿಲ್ಲ.

ಅವತ್ತು ರಾತ್ರಿ ಸಿಟ್ಟಿನಲ್ಲೇ ಬರೆಯಲು ಕೂತೆ. ‘ಯಾವಾಗಲೂ ತಡ’, ‘ಬೇಜವಾಬ್ದಾರಿ’, ‘ಇನ್ನೊಂದು ಸಲ ಆದರೆ ಕೆಲಸಕ್ಕೆ ಬರಬೇಡ’. ದಿನಾಂಕ ಹಾಕೋಣ ಎಂದು ಹಾಜರಿ ಪುಸ್ತಕ ತೆಗೆದಾಗ ಪೆನ್ನು ನಿಂತಿತು. ಜೂನ್‌ನಲ್ಲಿ ಅವನು 26 ದಿನ ಕೆಲಸ ಮಾಡಿದ್ದಾನೆ. ತಡ ಆಗಿದ್ದು 7 ದಿನ. ಹಾಗಾದರೆ ‘ಯಾವಾಗಲೂ’ ಅನ್ನುವ ಮಾತು ಸುಳ್ಳು, ಅಲ್ವಾ? ಆ ಏಳರಲ್ಲಿ ಐದು ದಿನ, ಹಿಂದಿನ ರಾತ್ರಿ ಹೋಟೆಲ್ ಮುಚ್ಚುವ ಡ್ಯೂಟಿಯೂ ಅವನದೇ. ಟೇಬಲ್ ಒರೆಸಿ, ಕುರ್ಚಿ ಮೇಲಿಟ್ಟು ಹೊರಡುವಾಗ 10:45. ಆಲೂರು ಕಡೆಯ ಊರಿಗೆ ಮಳೆಯಲ್ಲಿ ಬೈಕ್. ಮತ್ತೆ 6:10ಕ್ಕೆ ಇಲ್ಲಿರಬೇಕು. ನಡುವೆ ಏಳೂವರೆ ಗಂಟೆಯೂ ಇಲ್ಲ, ಅದರಲ್ಲೇ ಹೋಗಿ ಬರುವ ದಾರಿ, ಊಟ, ನಿದ್ದೆ. ಡ್ಯೂಟಿ ಪಟ್ಟಿ ಬರೆದವನು ನಾನೇ.

ಆದರೂ ಪತ್ರ ಬೇಡ ಅನ್ನಿಸಲಿಲ್ಲ. ಜೂನ್ 12ಕ್ಕೂ 20ಕ್ಕೂ ಕೂರಿಸಿಕೊಂಡು ಹೇಳಿದ್ದೆ. ಆಮೇಲೆ 24ಕ್ಕೆ, 27ಕ್ಕೆ ಮತ್ತೆ ತಡ. ಆ ಎರಡು ದಿನ ರಾತ್ರಿ ಡ್ಯೂಟಿಯೂ ಇರಲಿಲ್ಲ, ಫೋನೂ ಬರಲಿಲ್ಲ. ಅವನ ಟೇಬಲ್ಲನ್ನೂ ಸೇರಿಸಿ ಓಡಾಡಿದ ಇನ್ನೊಬ್ಬ ಸಪ್ಲೈಯರ್‌ಗೂ ನಾನು ನ್ಯಾಯ ಹೇಳಬೇಕಲ್ಲ.

ಹರಿದು ಹಾಕಿ ಮತ್ತೆ ಬರೆದೆ. ದಿನಾ ‘ಬಾರೋ’ ಅನ್ನುವವನಿಗೆ ‘ನೀವು’ ಎಂದು ಬರೆಯುವಾಗ ಕೈ ಸ್ವಲ್ಪ ತಡೆಯಿತು. ಅದರ ಮುಖ್ಯ ಭಾಗ ಇಷ್ಟು:

“ಜೂನ್ ತಿಂಗಳಲ್ಲಿ 7 ದಿನ 6:10ರ ನಂತರ ಬಂದಿದ್ದೀರಿ. ದಿನಾಂಕ, ಸಮಯ ಕೆಳಗಿವೆ. ಇವುಗಳಲ್ಲಿ 5 ದಿನ ಹಿಂದಿನ ರಾತ್ರಿ ಮುಚ್ಚುವ ಡ್ಯೂಟಿ ಇತ್ತು. ಇನ್ನು ಮುಂದೆ ರಾತ್ರಿ ಮುಚ್ಚಿದವರಿಗೆ ಮರುದಿನ ಬೆಳಿಗ್ಗೆ ಡ್ಯೂಟಿ ಹಾಕುವುದಿಲ್ಲ. ಉಳಿದ ದಿನ 6:10ಕ್ಕೆ ಯೂನಿಫಾರ್ಮ್‌ನಲ್ಲಿ ಇರಬೇಕು. ತಡವಾಗುವುದಾದರೆ 5:45ರ ಒಳಗೆ ಫೋನ್ ಮಾಡಬೇಕು. 30 ದಿನ ನೋಡುತ್ತೇವೆ. ಸುಧಾರಿಸದಿದ್ದರೆ ನಿಮ್ಮ ಮಾತು ಕೇಳಿ ಮುಂದಿನ ಕ್ರಮ ತೆಗೆದುಕೊಳ್ಳುತ್ತೇವೆ.”

‘ಕೆಲಸಕ್ಕೆ ಬರಬೇಡ’ ಅನ್ನುವ ಸಾಲು ತೆಗೆದಿದ್ದು ಬರೀ ದಯೆಯಿಂದಲ್ಲ. ಆರು ತಿಂಗಳು ಸತತವಾಗಿ ಕೆಲಸ ಮಾಡಿದವರನ್ನು ಹಾಗೆ ಸುಮ್ನೆ ತೆಗೆಯಲು ನಮ್ಮ ರಾಜ್ಯದ 1961ರ ಅಂಗಡಿ ಕಾಯ್ದೆ ಬಿಡುವುದಿಲ್ಲ. ಸರಿಯಾದ ಕಾರಣ ಬೇಕು, ಒಂದು ತಿಂಗಳ ನೋಟಿಸ್ ಇಲ್ಲವೇ ಆ ತಿಂಗಳ ಸಂಬಳ ಬೇಕು. ನೋಟಿಸ್ ಇಲ್ಲದೆ ತೆಗೆಯಬೇಕೆಂದರೆ ವಿಚಾರಣೆ ಮಾಡಿ ತಪ್ಪು ಸಾಬೀತಾಗಿರಬೇಕು. ಹಿಂದೆ ಒಮ್ಮೆ 40 ನಿಮಿಷ ತಡವಾಗಿದ್ದಕ್ಕೆ ಅವನ ಸಂಬಳದಲ್ಲಿ 100 ರೂಪಾಯಿ ಹಿಡಿದಿದ್ದೆ. ದಿನಕ್ಕೆ 600, ಎಂಟು ಗಂಟೆ. ಲೆಕ್ಕ ಹಾಕಿದರೆ 40 ನಿಮಿಷಕ್ಕೆ 50 ರೂಪಾಯಿ. ಬಾರದ ಹೊತ್ತಿಗಿಂತ ಜಾಸ್ತಿ ಹಿಡಿಯುವ ಹಾಗಿಲ್ಲ. ಉಳಿದ 50 ವಾಪಸ್ ಕೊಟ್ಟೆ.

ಮಧ್ಯಾಹ್ನ ಮೂರಕ್ಕೆ, ಗಿರಾಕಿ ಕಡಿಮೆ ಇದ್ದಾಗ, ಸ್ಟೋರ್ ರೂಮಿಗೆ ಕರೆದು ಕೊಟ್ಟೆ. ಎರಡು ಪ್ರತಿ. ‘ಪತ್ರ ತಲುಪಿದೆ ಅಂತ ಸೈನ್ ಹಾಕು, ತಪ್ಪು ಒಪ್ಪಿಕೊಂಡೆ ಅಂತ ಅಲ್ಲ. ನಿನ್ನ ಮಾತಿದ್ದರೆ ಕೆಳಗೆ ಜಾಗ ಬಿಟ್ಟಿದ್ದೀನಿ, ಬರಿ’ ಎಂದೆ. ಅವನು ನಿಧಾನವಾಗಿ ಓದಿದ. ತಾರೀಖುಗಳ ಮೇಲೆ ಬೆರಳಿಟ್ಟು ನೋಡಿದ. ಆಮೇಲೆ ಕೇಳಿದ: “ಅಣ್ಣಾ, ಇದು ಎಲ್ಲರಿಗೂ ಕೊಡ್ತೀರಾ?”

ಇದನ್ನು ಬರೆಯಬಾರದು ಅಂದುಕೊಂಡಿದ್ದೆ ಕಣೋ. ಅದೇ ಜೂನ್‌ನಲ್ಲಿ ನನ್ನ ಅಕ್ಕನ ಮಗನೂ ಆರು ದಿನ ತಡ. ಪುಸ್ತಕ ತಿರುವಿದ ರಾತ್ರಿಯೇ ಆ ಸಾಲು ಕಣ್ಣಿಗೆ ಬಿದ್ದಿತ್ತು. ನೋಡಿಯೂ ಪುಟ ಮಗುಚಿದ್ದೆ. ಹುಡುಗನ ಮುಂದೆ ಬಾಯಿ ಕಟ್ಟಿತು. ಮನೆಗೆ ಹೋದರೂ ಆ ಪ್ರಶ್ನೆ ಬಿಡಲಿಲ್ಲ. ಅಕ್ಕನಿಗೆ ಏನು ಹೇಳುವುದು ಎಂದೇ ಎರಡು ದಿನ ಕಳೆದೆ. ಇವತ್ತು ಬೆಳಿಗ್ಗೆ ಅವನಿಗೂ ಅದೇ ಥರ ತಾರೀಖು ಹಾಕಿ ಪತ್ರ ಕೊಟ್ಟೆ. ಅಕ್ಕ ಇನ್ನೂ ಫೋನ್ ಮಾಡಿಲ್ಲ. ಮಾಡಿದಾಗ ಎತ್ತುತ್ತೇನೆ.

ಸರಿ, ಸಾಕು. ಸಕಲೇಶಪುರದ ಛತ್ರಿ ಇನ್ನೂ ನಮ್ಮ ಕ್ಯಾಶ್ ಕೌಂಟರ್ ಹಿಂದೆಯೇ ಇದೆ. ಈ ಸಲವಾದರೂ ಬಂದು ತೆಗೆದುಕೊಂಡು ಹೋಗು. 6:30ಕ್ಕೇ ಬಾ, ಮೊದಲ ಕಾವಲಿ ದೋಸೆ ನಿನಗೆ.

ನಿನ್ನ ಗೆಳೆಯ