ಮಿಸ್ಟರ್ ಪಿ ಯಾರು?

ಹೋದ ವರ್ಷದ ಯುಗಾದಿ ಕಾರ್ಯಕ್ರಮದಲ್ಲಿ ನಮ್ಮ ನೋಂದಣಿ ಮೇಜಿನ ಮೇಲೆ ಒಂದು ಬ್ಯಾಡ್ಜ್ ಸಂಜೆವರೆಗೂ ಹಾಗೇ ಬಿದ್ದಿತ್ತು. ಅದರ ಮೇಲೆ ದಪ್ಪಕ್ಷರದಲ್ಲಿ `Mr. P` ಅಂತಿತ್ತು. ಅದರ ವಾರಸುದಾರರು ಹತ್ತು ಹೆಜ್ಜೆ ದೂರದಲ್ಲಿ ಕೂತು ಒಬ್ಬಟ್ಟು ತಿನ್ನುತ್ತಿದ್ದರು. ಪಾಪ, K ಅಕ್ಷರದ ಸಾಲಿನಲ್ಲಿ ಹುಡುಕಿ, ಸಿಗದೆ, ಒಂದು ಬಿಳಿ ಕಾಗದದ ಮೇಲೆ ಪೆನ್ನಿನಲ್ಲಿ ಹೆಸರು ಬರೆದು ಅಂಗಿಗೆ ಅಂಟಿಸಿಕೊಂಡಿದ್ದರು.

ತಪ್ಪು ನಮ್ಮದೇ. ಅವರ ನಿಜವಾದ ಹೆಸರು ಇಲ್ಲಿ ಬೇಡ, ಲೆಕ್ಕಕ್ಕೆ ನಾನೇ ಒಂದು ಹೆಸರು ಕಟ್ಟುತ್ತೇನೆ: ಅಜ್ಜಂಪುರ ಪುಟ್ಟಯ್ಯ ಕೃಷ್ಣಮೂರ್ತಿ. ಊರು ಅಜ್ಜಂಪುರ, ತಂದೆ ಪುಟ್ಟಯ್ಯ, ಇವರು ಕೃಷ್ಣಮೂರ್ತಿ. ಊರಲ್ಲಿ ಎ.ಪಿ. ಕೃಷ್ಣಮೂರ್ತಿ. ಶಾಲೆಯ ದಾಖಲೆಯಲ್ಲಿ ಇನಿಷಿಯಲ್ ಹಿಂದಕ್ಕೆ ಹೋಗಿ `Krishna Murthy A P`. ನಮ್ಮ ಫಾರಂನಲ್ಲಿ ಅವರು ಅದನ್ನೇ ತುಂಬಿದ್ದರು. ನಮ್ಮ ಸ್ಪ್ರೆಡ್‌ಶೀಟು ಕೊನೆಯ ಪದವೇ ಸರ್‌ನೇಮ್ ಅಂದುಕೊಂಡು P ಎತ್ತಿಕೊಂಡಿತು. ಅಷ್ಟೇ ಕಥೆ.

ಈಗ ಇದು ಯಾಕೆ ನೆನಪಾಯಿತು ಅಂದರೆ, ರಾಜ್ಯೋತ್ಸವದ ಸ್ಮರಣ ಸಂಚಿಕೆಗೆ ಲೇಖಕರ ಪರಿಚಯಗಳು ಬರತೊಡಗಿವೆ. ಈ ಸಲ ಪರಿಚಯದ ಪುಟ ಇಂಗ್ಲಿಷಿನಲ್ಲೂ ಇರುತ್ತದೆ, ಇಲ್ಲಿಯ ಲೈಬ್ರರಿಗೂ ಒಂದು ಪ್ರತಿ ಹೋಗುತ್ತದೆ, ಕನ್ನಡ ಗೊತ್ತಿಲ್ಲದ ಅತಿಥಿಗಳ ಕೈಗೂ ಹೋಗುತ್ತದೆ. ಆ ಓದುಗರಿಗೆ ನಮ್ಮ ಹೆಸರಿನಲ್ಲಿ ಬೇಕಾಗಿರುವುದು ಎರಡೇ ವಿಷಯ. ಈ ಮನುಷ್ಯರನ್ನು ಏನಂತ ಕರೆಯಬೇಕು, ಮತ್ತು ಪಟ್ಟಿಯಲ್ಲಿ ಯಾವ ಅಕ್ಷರದ ಕೆಳಗೆ ಹುಡುಕಬೇಕು. ಬಂದಿರುವ ಪರಿಚಯಗಳಲ್ಲಿ ಡಿಗ್ರಿ ಇದೆ, ಪ್ರಶಸ್ತಿ ಇದೆ, ಮೊಮ್ಮಕ್ಕಳ ಹೆಸರೂ ಇದೆ. ಇವೆರಡು ಮಾತ್ರ ಇಲ್ಲ.

ಒಂದೇ ಸೂತ್ರ ಮಾಡಿ ಎಲ್ಲರಿಗೂ ಅನ್ವಯಿಸಿಬಿಡಿ ಅಂತ ಸಮಿತಿಯಲ್ಲಿ ಒಬ್ಬರು ಹೇಳಿದರು. ಆಗಲ್ಲ. ಯಾಕೆ ಅಂತ ಮೂರು ದೊಡ್ಡ ಹೆಸರು ಇಟ್ಟು ನೋಡೋಣ.

```
D. V. Gundappa
D. R. Bendre
K. M. Cariappa
```

ಹೊರಗಿನವರ ಕಣ್ಣಿಗೆ ಮೂರೂ ಒಂದೇ ಅಚ್ಚು: ಎರಡು ಇನಿಷಿಯಲ್, ಒಂದು ಹೆಸರು. ಒಳಗೆ ಬಿಚ್ಚಿದರೆ ಮೂರೂ ಬೇರೆ. ಡಿವಿಜಿ ಅಂದರೆ ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ. ಮೊದಲು ಊರು, ಆಮೇಲೆ ತಂದೆ, ಕೊನೆಗೆ ಅವರದೇ ಹೆಸರು. ಮನೆತನದ ಹೆಸರು ಅಂತ ಅದರಲ್ಲಿ ಇಲ್ಲವೇ ಇಲ್ಲ. ಬೇಂದ್ರೆಯವರು ದತ್ತಾತ್ರೇಯ ರಾಮಚಂದ್ರ ಬೇಂದ್ರೆ. ಇಲ್ಲಿ ಮೊದಲ D ಅವರ ಸ್ವಂತ ಹೆಸರು, R ತಂದೆ, ಕೊನೆಯದು ಮನೆತನ. ಧಾರವಾಡದ ಕಡೆ ಹೀಗೇ, ಭೀಮಸೇನ ಗುರುರಾಜ ಜೋಶಿ ಅನ್ನುವ ಹಾಗೆ. ಹಾಗಾಗಿ ಪಾಟೀಲರಿಗೆ, ಕುಲಕರ್ಣಿಯವರಿಗೆ, ಹಿರೇಮಠರಿಗೆ ಇಂಗ್ಲಿಷ್ ಫಾರಂ ಹೆಚ್ಚು ಕಾಟ ಕೊಡುವುದಿಲ್ಲ. ಇನ್ನು ಫೀಲ್ಡ್ ಮಾರ್ಷಲ್ ಕಾರಿಯಪ್ಪನವರು ಕೊಡಂದೇರ ಮಾದಪ್ಪ ಕಾರಿಯಪ್ಪ. ಕೊಡವರಲ್ಲಿ ಮನೆತನದ ಹೆಸರು ಮುಂದೆ ಬರುತ್ತದೆ. ಅಂದರೆ ಇಂಗ್ಲಿಷಿನವರು ಯಾವುದನ್ನು ಸರ್‌ನೇಮ್ ಅನ್ನುತ್ತಾರೋ ಅದು ಇಲ್ಲಿ K ಅನ್ನುವ ಒಂದಕ್ಷರವಾಗಿ ಮುಂದೆ ಕೂತಿದೆ, ಕೊನೆಯಲ್ಲಿರುವುದು ಅವರ ಸ್ವಂತ ಹೆಸರು. ಜನರಲ್ ತಿಮ್ಮಯ್ಯನವರ ಕೆ.ಎಸ್.ನಲ್ಲಿರುವ K ಕೂಡ ಅದೇ ಕೊಡಂದೇರ. ಇಬ್ಬರೂ ಒಂದೇ ಒಕ್ಕದವರು ಅನ್ನುವುದು ಹೆಸರಿನಲ್ಲೇ ಇದೆ, ಆದರೆ ಇಂಗ್ಲಿಷ್ ಸೂಚಿಯಲ್ಲಿ ಒಬ್ಬರು C ಕೆಳಗೆ, ಇನ್ನೊಬ್ಬರು T ಕೆಳಗೆ.

ಆದ್ದರಿಂದ ಇನಿಷಿಯಲ್ ಬಿಡಿಸಿ ಬರೆದ ಮಾತ್ರಕ್ಕೆ ಓದುಗರಿಗೆ ಎಲ್ಲ ತಿಳಿಯುವುದಿಲ್ಲ. ಬಿಡಿಸಿದರೆ ಹೊಸ ಗೊಂದಲವೂ ಹುಟ್ಟಬಹುದು. ಸರ್ ಎಂ. ವಿಶ್ವೇಶ್ವರಯ್ಯನವರ M ಮೋಕ್ಷಗುಂಡಂ. ಅದು ಆಂಧ್ರದ ಊರು, ಅವರ ಹಿರಿಯರು ಅಲ್ಲಿಂದ ಬಂದವರು. ಅವರು ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ. ಅನಂತಮೂರ್ತಿಯವರ U ಉಡುಪಿ, ಹುಟ್ಟಿದ್ದು ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ. ಇನಿಷಿಯಲ್ಲಿನ ಊರು ಹುಟ್ಟೂರು ಆಗಿರಲೇಬೇಕು ಅಂತಿಲ್ಲ. ನಮಗೆ ಬಂದ ಒಂದು ಪರಿಚಯವನ್ನು ತಿದ್ದುವಾಗ ನಾನೇ ಇದರಲ್ಲಿ ಬಿದ್ದೆ. ಮೊದಲ ಇನಿಷಿಯಲ್ ನೋಡಿ 'ಇಂಥ ಊರಿನಲ್ಲಿ ಹುಟ್ಟಿದ' ಅಂತ ಸೇರಿಸಿಬಿಟ್ಟಿದ್ದೆ. ಅವರು ಫೋನ್ ಮಾಡಿ, 'ಆ ಊರನ್ನ ನಾನು ಇವತ್ತಿನ ತನಕ ನೋಡೇ ಇಲ್ಲ ಮಾರಾಯ್ರೆ' ಅಂದರು.

ಸರಿ, ನಮ್ಮ ಕೃಷ್ಣಮೂರ್ತಿಯವರ ಪರಿಚಯವನ್ನು ಹೇಗೆ ಬರೆಯುವುದು? ಮೇಲ್ಸಾಲಿನಲ್ಲಿ ಅವರು ದಿನವೂ ಬಳಸುವ ರೂಪ ಇರಲಿ: `A. P. Krishna Murthy`. ಇಂಗ್ಲಿಷಿನವರಿಗೆ ಅನುಕೂಲ ಆಗಲಿ ಅಂತ ಮುಂದಿನದನ್ನು ಹಿಂದೆ, ಹಿಂದಿನದನ್ನು ಮುಂದೆ ಮಾಡಬೇಡಿ. ಹಾಗೆ ಮಾಡಿದರೆ ಅವರ ಹಳೆಯ ಬರಹ ಹುಡುಕುವವರಿಗೆ ಅದು ಬೇರೆಯೇ ಮನುಷ್ಯನಾಗುತ್ತದೆ. ಆಮೇಲೆ ಪರಿಚಯದ ಕೊನೆಯಲ್ಲಿ ಒಂದೇ ಒಂದು ವಾಕ್ಯ: A ಅಂದರೆ ಹಿರಿಯರ ಊರು ಅಜ್ಜಂಪುರ, P ಅಂದರೆ ತಂದೆ ಪುಟ್ಟಯ್ಯ, ಮನೆತನದ ಹೆಸರು ಇಲ್ಲ, ಕರೆಯುವುದು ಕೃಷ್ಣಮೂರ್ತಿ ಅಂತ. ಅಷ್ಟು ಸಾಕು. ದಕ್ಷಿಣ ಭಾರತದ ಹೆಸರುಗಳ ಪದ್ಧತಿ ಅಂತ ಒಂದು ಪ್ಯಾರಾ ಬರೆದವರೂ ಇದ್ದಾರೆ, ಅದನ್ನ ಯಾರೂ ಓದುವುದಿಲ್ಲ.

ಮುಖ್ಯವಾದದ್ದು ಪರಿಚಯದ ಎರಡನೇ ವಾಕ್ಯ. ಇಂಗ್ಲಿಷಿನಲ್ಲಿ ಎರಡನೇ ಸಲ ಹೆಸರು ಬರುವಾಗ ಕೊನೆಯ ಪದ ಮಾತ್ರ ಇಡುತ್ತಾರೆ, ಹಾಗಾಗಿ ನಮ್ಮವರು `Murthy` ಆಗಿಬಿಡುತ್ತಾರೆ. ಕೃಷ್ಣ ಮೊದಲ ಹೆಸರು, ಮೂರ್ತಿ ಸರ್‌ನೇಮ್ ಅಂತ ಓದುಗರು ನಂಬಿಬಿಡುತ್ತಾರೆ. ಕನ್ನಡದಲ್ಲಿ ಅದು ಒಂದೇ ಹೆಸರು, ಇಂಗ್ಲಿಷಿನಲ್ಲಿ ಯಾರೋ ಗುಮಾಸ್ತರು ನಡುವೆ ಜಾಗ ಬಿಟ್ಟರು, ಅದೇ ದಾಖಲೆಗೆ ಬಂತು. ಎರಡನೇ ವಾಕ್ಯದಲ್ಲೂ `Krishna Murthy` ಅಂತ ಪೂರ್ತಿ ಬರೆದರೆ ಓದುಗರಿಗೆ ತಾನಾಗಿಯೇ ಗೊತ್ತಾಗುತ್ತದೆ, ವಿವರಣೆಯೇ ಬೇಡ. ಇಷ್ಟವಿದ್ದರೆ `Krishnamurthy` ಅಂತ ಕೂಡಿಸಿಬಿಡಬಹುದು, ಆದರೆ ಒಮ್ಮೆ ಕೂಡಿಸಿದ ಮೇಲೆ ಎಲ್ಲ ಕಡೆಯೂ ಹಾಗೇ ಇರಬೇಕು. ಇನ್ನೊಂದು ಸಣ್ಣ ಕೆಲಸ: ವರ್ಡ್‌ನಲ್ಲಿ ಟೈಪ್ ಮಾಡುವಾಗ ಆ ನಡುವಿನ ಜಾಗಕ್ಕೆ, ಇನಿಷಿಯಲ್‌ಗಳ ನಡುವಿನ ಜಾಗಕ್ಕೂ, `Ctrl+Shift+Space` ಒತ್ತಿ. ಸಾಲು ಮುಗಿಯುವಲ್ಲಿ ಹೆಸರು ತುಂಡಾಗುವುದಿಲ್ಲ. ಹಿಂದಿನ ಸಂಚಿಕೆಯಲ್ಲಿ ಒಬ್ಬರ A. ಒಂದು ಸಾಲಿನ ತುದಿಯಲ್ಲಿ ನೇತಾಡುತ್ತಿತ್ತು, ಉಳಿದ ಹೆಸರೆಲ್ಲ ಕೆಳಗಿನ ಸಾಲಿನಲ್ಲಿ.

ಹೆಂಗಸರ ವಿಷಯದಲ್ಲಿ ಈ ಎರಡನೇ ವಾಕ್ಯ ಇನ್ನೂ ಎಡವಟ್ಟು. ಇವರ ಮನೆಯವರು ಲಲಿತಾ ಕೃಷ್ಣಮೂರ್ತಿ ಅಂತ ಇಟ್ಟುಕೊಳ್ಳೋಣ, ಕಥೆ ಬರೆಯುತ್ತಾರೆ. ಇಂಗ್ಲಿಷ್ ರೂಢಿಯ ಪ್ರಕಾರ ಬರೆದರೆ 'ಕೃಷ್ಣಮೂರ್ತಿ ಮೂರು ಕಥಾಸಂಕಲನ ತಂದಿದ್ದಾರೆ' ಅಂತಾಗುತ್ತದೆ. ಅದು ಗಂಡನ ಮನೆತನವಲ್ಲ, ಸಾಕ್ಷಾತ್ ಗಂಡನ ಹೆಸರು! ಕಥೆ ಬರೆದದ್ದು ಆಕೆ, ಹೆಸರು ಅವರಿಗೆ. ಇಲ್ಲಿ ಎರಡನೇ ಸಲ `Lalitha` ಅಂತಲೇ ಇರಬೇಕು. ಹಾಗಂತ ಪಟ್ಟಿಯಲ್ಲಿ L ಕೆಳಗೋ K ಕೆಳಗೋ ಅನ್ನುವುದನ್ನು ನಾನು ತೀರ್ಮಾನಿಸುವುದಿಲ್ಲ. ಅವರ ಪುಸ್ತಕಗಳು ಲೈಬ್ರರಿಯಲ್ಲಿ ಆಗಲೇ K ಕೆಳಗೆ ಇದ್ದರೆ K ಇರಲಿ. ಅವರನ್ನೇ ಕೇಳುವುದು ವಾಸಿ.

ಪಟ್ಟಿಯ ಮಾತಿಗೆ ಬಂದರೆ ಒಂದು ತಮಾಷೆ ಇದೆ. ಸೂಚಿಯಲ್ಲಿ ನಮ್ಮವರು ಹೀಗೆ ಬರಬೇಕು:

```
Krishna Murthy, A. P.
```

ಶಾಲೆಯ ದಾಖಲೆಯ `Krishna Murthy A P` ನೋಡಿ. ಅಲ್ಪವಿರಾಮ ಮತ್ತು ಚುಕ್ಕಿ ಬಿಟ್ಟರೆ ಅದೇ ಅಲ್ವಾ! ವೈದ್ಯಕೀಯ ಪತ್ರಿಕೆಗಳಲ್ಲಂತೂ ಸರ್‌ನೇಮ್ ಮುಂದೆ, ಇನಿಷಿಯಲ್ ಹಿಂದೆ, ಚುಕ್ಕಿ ಇಲ್ಲ: `Krishna Murthy AP`. ಹಾಗಾಗಿ ಇನಿಷಿಯಲ್ ಹಿಂದಿಟ್ಟ ನಮ್ಮ ಹೆಸರು ಅಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ, ಬ್ಯಾಡ್ಜಿನ ಮೇಲೆ ಬಂದರೆ ತಲೆಕೆಳಗಾಗುತ್ತದೆ. ಇಲ್ಲೇ ಒಂದು ಹಳ್ಳ ಇದೆ. ಲೇಖನ ಕಳಿಸುವ ಫಾರಂನಲ್ಲಿ ಇದೇ ಕ್ರಮದಲ್ಲಿ, First name ಅಲ್ಲಿ ಕೃಷ್ಣಮೂರ್ತಿ, Last name ಅಲ್ಲಿ ಎ ಪಿ ಅಂತ ತುಂಬಿದಿರೋ, ಅಚ್ಚಾಗುವಾಗ ನಿಮ್ಮ ಹೆಸರು `A P K` ಥರ ಆಗಿಬಿಡುತ್ತದೆ. ಸಂಶೋಧನೆ ಮಾಡುವ ನಮ್ಮ ಹುಡುಗ ಹುಡುಗಿಯರಲ್ಲಿ ಹೀಗೆ ಎರಡು ಮೂರು ಹೆಸರಲ್ಲಿ ಹರಿದುಹೋದವರಿದ್ದಾರೆ. ಅವರಿಗೆ ನನ್ನ ಸಲಹೆ: ಕರೆಯುವ ಹೆಸರು ಪೂರ್ತಿ Last name ಖಾನೆಗೆ, ಇನಿಷಿಯಲ್ First name ಖಾನೆಗೆ. ವಿಚಿತ್ರ ಅನ್ನಿಸುತ್ತದೆ, ಆದರೆ ಪಟ್ಟಿಯಲ್ಲಿ ಸರಿಯಾಗಿ ಬರುತ್ತದೆ. ORCID ಅಂತ 16 ಅಂಕಿಯ ಒಂದು ಗುರುತು ಸಿಗುತ್ತದೆ, ಅದರಲ್ಲಿ Last name ಕಡ್ಡಾಯವಲ್ಲ, ಹಳೆಯ ರೂಪಗಳನ್ನೂ ಸೇರಿಸಿಡಬಹುದು. ಪರಿಚಯದಲ್ಲಿ ಆ ಅಂಕಿ ಕೊಟ್ಟರೆ ಹರಿದ ಹೆಸರುಗಳನ್ನು ಹೊಲಿದ ಹಾಗೆ.

ಪಾಸ್‌ಪೋರ್ಟಿನಲ್ಲಿರುವ ಹಾಗೆ ಬರೆಯಬೇಕಾ ಅಂತ ಹಲವರು ಕೇಳಿದ್ದಾರೆ. ಪರಿಚಯಕ್ಕೆ ಬೇಕಿಲ್ಲ. ಭಾರತದ ಪಾಸ್‌ಪೋರ್ಟಿಗೆ ಇನಿಷಿಯಲ್ ಬಿಡಿಸಿ ಬರೆಯಬೇಕು, ಹಾಗಾಗಿ ಅಲ್ಲಿ ಅಜ್ಜಂಪುರವೂ ಪುಟ್ಟಯ್ಯನೂ ಪೂರ್ತಿ ಬರುತ್ತಾರೆ. ಸರ್‌ನೇಮ್ ಖಾಲಿ ಬಿಟ್ಟವರಿಗೆ ಅಮೆರಿಕದ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ `FNU` ಬರುತ್ತದೆ, ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಅದನ್ನೇ ಹೆಸರು ಅಂದುಕೊಂಡು ಆಫೀಸಿನಲ್ಲಿ ಫ್ನೂ ಅಂತ ಕರೆಸಿಕೊಂಡವರೂ ಇದ್ದಾರೆ. ಆದರೆ ಊರಿಂದ ಕಲಾವಿದರನ್ನು ಕರೆಸುವಾಗ ಆಹ್ವಾನ ಪತ್ರದಲ್ಲಿ ಪಾಸ್‌ಪೋರ್ಟಿನ ಹೆಸರೇ ಅಕ್ಷರಶಃ ಇರಬೇಕು. ಪೋಸ್ಟರಿನಲ್ಲಿ ಜನ ಗುರುತಿಸುವ ಹೆಸರು, ಪತ್ರದಲ್ಲಿ ಪಾಸ್‌ಪೋರ್ಟಿನ ಹೆಸರು. ಇವೆರಡನ್ನೂ ಬೆರೆಸಬೇಡಿ.

ಕನ್ನಡ ಪುಟಕ್ಕೆ ಬೇರೆ ಲೆಕ್ಕ. ಅಲ್ಲಿ ದ.ರಾ. ಅಂತಲೂ ಬರೆಯಬಹುದು, ಡಿ.ಆರ್. ಅಂತಲೂ ಬರೆಯಬಹುದು. ನೀವು ಕಳಿಸಿದ್ದನ್ನು ನಾನು ಮುಟ್ಟುವುದಿಲ್ಲ.

ಈ ಸಲದ ಫಾರಂನಲ್ಲಿ ಮೂರು ಖಾನೆ ಇದೆ: ಅಚ್ಚಿನಲ್ಲಿ ಹೆಸರು ಹೇಗಿರಬೇಕು, ಎರಡನೇ ಸಲ ಏನಂತ ಬರೆಯಬೇಕು, ಪಟ್ಟಿಯಲ್ಲಿ ಯಾವ ಅಕ್ಷರ. ನೋಂದಣಿ ಫಾರಂನ Last name ಪಕ್ಕದ ಕೆಂಪು ನಕ್ಷತ್ರವನ್ನೂ ತೆಗೆಸಿದ್ದೇನೆ. ಖಾಲಿ ಬಿಟ್ಟರೂ ಮುಂದಕ್ಕೆ ಹೋಗುತ್ತದೆ, ದಯವಿಟ್ಟು ಸುಮ್ನೆ ಒಂದು ಚುಕ್ಕಿ ಇಟ್ಟು ಮುಂದುವರಿಯಬೇಡಿ. ಯುಗಾದಿಗೆ ಹಾಗೆ ಮಾಡಿದವರ ಬ್ಯಾಡ್ಜಿನಲ್ಲಿ Mr. ಆದಮೇಲೆ ಬರೀ ಚುಕ್ಕಿಯೇ ಬಂದಿತ್ತು. ಅದು ಇನ್ನೂ ನನ್ನ ಮೇಜಿನ ಡ್ರಾಯರಿನಲ್ಲಿದೆ, ಯಾರದು ಅಂತ ಗೊತ್ತಾಗಿಲ್ಲ.